ಪಾಳಿ ಕೆಲಸದ ಮನೆಯಲ್ಲಿ ಪರಸ್ಪರ ಹಕ್ಕುಗಳು

ಬೆಳಿಗ್ಗೆ ಆರೂವರೆ ಗಂಟೆ. ರಾತ್ರಿ ಪಾಳಿ ಮುಗಿಸಿದ ಪತಿ ಮನೆಗೆ ಬರುತ್ತಾನೆ. ಪತ್ನಿ ಬಾಗಿಲು ತೆರೆದವಳೇ ಗ್ಯಾಸ್ ಮುಗಿದುದನ್ನು, ಮಗನ ಶುಲ್ಕ ಬಾಕಿ ಇರುವುದನ್ನು, ತವರಿನ ಮದುವೆಗೆ ಹೋಗಬೇಕಾದುದನ್ನು ಹೇಳತೊಡಗುತ್ತಾಳೆ. ಅವನು "ಆಮೇಲೆ ನೋಡೋಣ" ಎಂದು ಕೋಣೆಗೆ ಹೋಗಿ ಮಲಗುತ್ತಾನೆ. ಇಡೀ ರಾತ್ರಿ ಅವನ ದಾರಿ ಕಾದವಳ ಕಿವಿಗೆ ಆ ಮಾತು "ನೀನು ನನಗೆ ಬೇಕಾಗಿಲ್ಲ" ಎಂದು ಕೇಳಿಸುತ್ತದೆ. ಪ್ರಿಯ ಸಹೋದರಿ, ಅವನು ಹಾಗೆ ಹೇಳಿದನೇ? ಇಲ್ಲ. ಆದರೂ ನಿಮ್ಮ ನೋವು ಸುಳ್ಳಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಟ್ಟುಕೊಂಡು ಮುಂದೆ ಓದಿರಿ.

ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತಾಗ "ಈಗ ಹಿಂದಿರುಗಿ" ಎಂದು ಉತ್ತರ ಬಂದರೆ ಹಿಂದಿರುಗಬೇಕು, ಅದು ನಮಗೆ ಹೆಚ್ಚು ಪರಿಶುದ್ಧವಾದ ನಡತೆಯೆಂದು ಸೂರಃ ಅನ್ನೂರ್‌ನ 28ನೇ ಸೂಕ್ತವು ಕಲಿಸುತ್ತದೆ. ಹಿಂದಿರುಗಿಸಲ್ಪಟ್ಟವನಿಗೆ ಅದು ಅವಮಾನವಲ್ಲ. ಒಳಗಿರುವವನಿಗೆ ಆ ಹೊತ್ತಿನಲ್ಲಿ ಬೇರೊಂದು ಅಗತ್ಯವಿದೆ ಎಂಬುದಷ್ಟೇ ಅದರ ಅರ್ಥ. ಅದೇ ಅಧ್ಯಾಯದ 58ನೇ ಸೂಕ್ತವು ಈ ಶಿಸ್ತನ್ನು ಮನೆಯೊಳಗೂ ತರುತ್ತದೆ. ಫಜ್ರ್‌ಗೆ ಮೊದಲು, ಮಧ್ಯಾಹ್ನದ ವಿಶ್ರಾಂತಿಯ ವೇಳೆ ಮತ್ತು ಇಶಾದ ನಂತರ, ಹೀಗೆ ಮೂರು ಹೊತ್ತುಗಳಲ್ಲಿ ಮನೆಯ ಚಿಕ್ಕ ಮಕ್ಕಳು ಕೂಡ ಅನುಮತಿ ಕೇಳಿ ಒಳಬರಬೇಕು. ಪ್ರೀತಿಪಾತ್ರರ ವಿಶ್ರಾಂತಿಗೂ ಒಂದು ಬಾಗಿಲಿದೆ ಎಂಬ ಪಾಠ ಇದರಲ್ಲಿದೆ. ರಾತ್ರಿ ದುಡಿಯುವವನಿಗೆ ಬೆಳಗಿನ ಹೊತ್ತೇ ಇಶಾದ ನಂತರದ ಹೊತ್ತು.

ಅವನ ದೇಹದ ಸ್ಥಿತಿಯನ್ನೂ ಅರಿಯಬೇಕು. ನಮ್ಮ ಶರೀರವು ಬೆಳಕಿನಲ್ಲಿ ಎಚ್ಚರವಿರಲು, ಕತ್ತಲಿನಲ್ಲಿ ಮಲಗಲು ಒಗ್ಗಿಕೊಂಡಿದೆ. ಆದ್ದರಿಂದ ಹಗಲು ನಿದ್ರೆಯು ರಾತ್ರಿ ನಿದ್ರೆಗಿಂತ ಸಾಮಾನ್ಯವಾಗಿ ಕಡಿಮೆ, ಹಗುರ ಕೂಡ. ಪಾಳಿ ಬದಲಾದ ಮೊದಲ ಎರಡು ಮೂರು ದಿನಗಳಂತೂ ಕಷ್ಟವೇ. ಆಗ ಬರುವ ಸಿಡುಕು ಬಹುಪಾಲು ನಿದ್ರೆಗೇಡಿನ ಸಿಡುಕು.

ಹಾಗಾದರೆ ಮಾತನಾಡುವುದು ಯಾವಾಗ? ನನಗೆ ತಿಳಿದಿರುವ ಒಂದು ಮನೆಯ ಲೆಕ್ಕವನ್ನು ನೋಡೋಣ. ಪತಿಯದು ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬದಲಾಗುವ ಮೂರು ಪಾಳಿಗಳ ಕೆಲಸ. ದಾರಿ ಅರ್ಧ ಗಂಟೆಯದು. ಇಬ್ಬರು ಮಕ್ಕಳು ಎಂಟೂಕಾಲಕ್ಕೆ ಶಾಲೆಗೆ ಹೋಗಿ ನಾಲ್ಕಕ್ಕೆ ಮರಳುತ್ತಾರೆ. "ಇವರಿಗೆ ನಮಗಾಗಿ ಸಮಯವೇ ಇಲ್ಲ" ಎಂಬುದು ಪತ್ನಿಯ ದೂರು. ಒಂದು ದಿನ ಇಬ್ಬರೂ ಕುಳಿತು ಮೂರು ವಾರಗಳನ್ನೂ ಕಾಗದದ ಮೇಲೆ ಬರೆದರು.

ಬೆಳಗಿನ ಪಾಳಿಯ ವಾರ ಅವನು ಐದೂವರೆಗೆ ಹೊರಟು ಮಧ್ಯಾಹ್ನ ಎರಡೂವರೆಗೆ ಮರಳುತ್ತಾನೆ. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಎಲ್ಲರೂ ಒಟ್ಟಿಗಿರುತ್ತಾರೆ. ಮಧ್ಯಾಹ್ನದ ಪಾಳಿಯ ವಾರ ಒಂದೂವರೆಗೆ ಹೊರಟವನು ರಾತ್ರಿ ಹತ್ತೂವರೆಗೆ ಬರುವಾಗ ಮಕ್ಕಳು ಮಲಗಿರುತ್ತಾರೆ. ಬೆಳಿಗ್ಗೆ ಅವನು ತಡವಾಗಿ ಎದ್ದರೆ ಐದಾರು ದಿನ ಮಕ್ಕಳ ಮುಖವನ್ನೇ ಕಾಣುವುದಿಲ್ಲ. ಆದರೆ ಮಕ್ಕಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದವರೆಗೆ ಪತಿ ಪತ್ನಿಗೆ ನಾಲ್ಕೈದು ಗಂಟೆ ಸಿಗುತ್ತದೆ. ರಾತ್ರಿ ಪಾಳಿಯ ವಾರ ಇದಕ್ಕೆ ವಿರುದ್ಧ. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಅವನಿಗೆ ನಿದ್ರೆ. ಸಂಜೆ ಮಕ್ಕಳಿಗೆ ತಂದೆ ಸಿಗುತ್ತಾನೆ, ದಂಪತಿಗಳಿಗೆ ಮಾತ್ರ ಏಕಾಂತ ಕಡಿಮೆ.

ಬರೆದು ನೋಡಿದಾಗ ವಿಷಯ ಸ್ಪಷ್ಟವಾಯಿತು. ಸಮಯ ಇಲ್ಲವೆಂದಲ್ಲ, ಪ್ರತಿ ವಾರ ಅದು ಬೇರೆ ಬೇರೆ ಕಡೆ ಇತ್ತು. ಅವರು ಮೂರು ನಿಯಮ ಮಾಡಿಕೊಂಡರು. ಹಣ, ಶಾಲೆ, ಬಂಧುಗಳ ಗಂಭೀರ ವಿಚಾರಗಳನ್ನು ಮಧ್ಯಾಹ್ನದ ಪಾಳಿಯ ವಾರದ ಬೆಳಿಗ್ಗೆ, ಮಕ್ಕಳು ಹೋದ ಮೇಲೆ ಮಾತನಾಡುವುದು. ಅದೇ ವಾರ ಪತಿ ಏಳು ಗಂಟೆಗೆ ಎದ್ದು ಮಕ್ಕಳೊಂದಿಗೆ ತಿಂಡಿ ತಿನ್ನುವುದು, ಬೇಕಿದ್ದರೆ ಆಮೇಲೆ ಮತ್ತೆ ಮಲಗುವುದು. ರಾತ್ರಿ ಪಾಳಿಯಿಂದ ಬಂದಾಗ ಸಲಾಮ್, ಚಹಾ, ಎರಡು ಒಳ್ಳೆಯ ಮಾತು, ಅಷ್ಟೇ. ತುರ್ತು ವಿಷಯಕ್ಕೆ ಮಾತ್ರ ವಿನಾಯಿತಿ. ಮೊದಲ ತಿಂಗಳಲ್ಲೇ ಒಮ್ಮೆ ಈ ನಿಯಮ ಮುರಿಯಿತು. ಸಹೋದ್ಯೋಗಿಯ ರಜೆಯಿಂದಾಗಿ ಅವನು ಎರಡು ಪಾಳಿ ಸತತವಾಗಿ ದುಡಿಯಬೇಕಾಯಿತು. ಆದರೆ ಅವನು ಮೊದಲೇ ಫೋನ್ ಮಾಡಿ ತಿಳಿಸಿ, ತಪ್ಪಿದ ಮಾತುಕತೆಗೆ ಇನ್ನೊಂದು ದಿನವನ್ನೂ ಹೇಳಿದ. ಆ ದಿನ ಮನೆಯಲ್ಲಿ ಜಗಳವಾಗಲಿಲ್ಲ.

ಭೇಟಿಯಾಗದ ದಿನಗಳ ಮಟ್ಟಿಗೆ ಹ. ಉಮರ್(ರ) ಅವರ ಒಂದು ಪದ್ಧತಿ ನಮಗೆ ಮಾದರಿ. ಅವರ ಮನೆ ಮದೀನದ ಮೇಲ್ಭಾಗದಲ್ಲಿ, ಪ್ರವಾದಿವರ್ಯರ(ಸ) ಮಸೀದಿಯಿಂದ ದೂರದಲ್ಲಿತ್ತು. ಅವರೂ ನೆರೆಯ ಒಬ್ಬ ಅನ್ಸಾರಿ ಸಹಾಬಿಯೂ ಸರದಿ ಮಾಡಿಕೊಂಡಿದ್ದರು. ಒಂದು ದಿನ ಇವರು ಪ್ರವಾದಿ(ಸ)ಯವರ ಸನ್ನಿಧಿಗೆ ಹೋದರೆ ಮರುದಿನ ಅವರು. ಹೋದವರು ಆ ದಿನದ ದಿವ್ಯವಾಣಿಯನ್ನೂ ಇತರ ಸುದ್ದಿಗಳನ್ನೂ ಹೋಗದವರಿಗೆ ತಂದು ಹೇಳುತ್ತಿದ್ದರೆಂದು ಸಹೀಹ್ ಬುಖಾರಿಯಲ್ಲಿದೆ. ಹಾಜರಿಲ್ಲದವನು ಹೊರಗುಳಿಯದಂತೆ ನೋಡಿಕೊಳ್ಳುವ ರೀತಿ ಇದು. ಮನೆಯಲ್ಲೂ ಹೀಗೆಯೇ ಮಾಡಬಹುದು. ಮಗಳು ಹೊಸ ಸೂರಃ ಬಾಯಿಪಾಠ ಮಾಡಿದಳು, ಅಜ್ಜಿಗೆ ಜ್ವರ ಇಳಿಯಿತು ಎಂಬಂತಹ ಎರಡು ಸುದ್ದಿಗಳನ್ನು ಬರೆದಿಡಿ ಅಥವಾ ಮೊಬೈಲಿನಲ್ಲಿ ಕಳುಹಿಸಿ. ಅವನೂ ತನ್ನ ದಿನದ ಎರಡು ಮಾತು ಹೇಳಲಿ. ಆದರೆ ಕಳುಹಿಸಿದ ತಕ್ಷಣ ಉತ್ತರವನ್ನು ಕಾಯುತ್ತ ಕೂರಬೇಡಿ. ಅನೇಕ ಕಾರ್ಖಾನೆಗಳಲ್ಲಿ ಯಂತ್ರದ ಬಳಿ ಫೋನ್ ಒಯ್ಯಲು ಬಿಡುವುದಿಲ್ಲ. ಊಟದ ವಿರಾಮ ಯಾವಾಗ ಎಂದು ಕೇಳಿ ತಿಳಿದುಕೊಂಡರೆ ಎಷ್ಟೋ ಅನುಮಾನಗಳು ಹುಟ್ಟುವುದೇ ಇಲ್ಲ.

ಇನ್ನು ಸಹೋದರರಿಗೆ ಒಂದು ಮಾತು. "ನಿಮಗಾಗಿಯೇ ದುಡಿಯುತ್ತಿದ್ದೇನೆ" ಎಂಬುದು ಎಲ್ಲದಕ್ಕೂ ಉತ್ತರವಾಗದು. ಹ. ಅಬುದ್ದರ್ದಾ(ರ) ಅವರು ಮಗ್ನರಾಗಿದ್ದುದು ಆರಾಧನೆಯಲ್ಲಿ. ಹ. ಸಲ್ಮಾನ್(ರ) ಅವರ ಮನೆಗೆ ಬಂದಾಗ ಪತ್ನಿ ಉಮ್ಮುದ್ದರ್ದಾ(ರ) ಅಲಂಕಾರ ತೊರೆದು ಹಳೆಯ ಉಡುಪಿನಲ್ಲಿದ್ದರು. ಕಾರಣ ಕೇಳಿದಾಗ, ನಿಮ್ಮ ಸಹೋದರನಿಗೆ ಈ ಲೋಕದ ಆಸಕ್ತಿಯೇ ಇಲ್ಲವೆಂದರು. ಸಲ್ಮಾನ್(ರ) ಆ ದಿನ ಅಬುದ್ದರ್ದಾರನ್ನು ತಮ್ಮೊಂದಿಗೆ ಊಟಕ್ಕೆ ಕೂರಿಸಿದರು, ರಾತ್ರಿ ಮಲಗುವಂತೆ ಮಾಡಿದರು. ರಾತ್ರಿಯ ಕೊನೆಯ ಭಾಗದಲ್ಲಿ ಎಬ್ಬಿಸಿ ಇಬ್ಬರೂ ನಮಾಝ್ ಮಾಡಿದರು. ಪ್ರಭುವಿಗೂ ಶರೀರಕ್ಕೂ ಮನೆಯವರಿಗೂ ನಿಮ್ಮ ಮೇಲೆ ಹಕ್ಕಿದೆ, ಒಬ್ಬೊಬ್ಬರ ಹಕ್ಕನ್ನೂ ಸಲ್ಲಿಸಿರಿ ಎಂದು ಉಪದೇಶಿಸಿದರು. ಸಲ್ಮಾನ್ ಹೇಳಿದುದು ಸತ್ಯವೆಂದು ಪ್ರವಾದಿ(ಸ) ಸಮ್ಮತಿಸಿದರು. ಇಲ್ಲಿ ನಮಾಝ್ ನಿಲ್ಲಲಿಲ್ಲ, ಅದರ ಹೊತ್ತು ಬದಲಾಯಿತು. ಪತ್ನಿಯೂ ನೋವನ್ನು ನುಂಗಿಕೊಳ್ಳಲಿಲ್ಲ, ಹಿತೈಷಿ ಕೇಳಿದಾಗ ಹೇಳಿದರು. ನಫಿಲ್ ಆರಾಧನೆಯೇ ಮನೆಯವರ ಹಕ್ಕನ್ನು ತಳ್ಳಿಹಾಕದಿದ್ದರೆ ಓವರ್‌ಟೈಮ್ ಹೇಗೆ ತಳ್ಳಿಹಾಕೀತು?

ಹಾಗಾದರೆ ಬಿಡುವಿಲ್ಲದಿರುವುದಕ್ಕೂ ನಿರ್ಲಕ್ಷ್ಯಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ? ದುಡಿಯುವ ದಿನವನ್ನು ನೋಡಿ ತೀರ್ಪು ಕೊಡಬೇಡಿ, ವಾರದ ರಜೆಯನ್ನು ನೋಡಿ. ನಿದ್ರೆ ತೀರಿದ ಮೇಲೆ ಅವನು ನಿಮ್ಮ ಬಳಿ ಕುಳಿತರೆ, ತಪ್ಪಿದ ಮಾತನ್ನು ತಾನಾಗಿ ಎತ್ತಿದರೆ ಅದು ಕೆಲಸದ ಒತ್ತಡ ಮಾತ್ರ. ರಜೆಯೂ ಗೆಳೆಯರ ಪಾಲಾಗಿ, ಮಗ ಎಷ್ಟನೇ ತರಗತಿ ಎಂಬುದೂ ಮರೆತಿದ್ದರೆ ಸಹನೆಯ ಹೆಸರಿನಲ್ಲಿ ಮೌನವಾಗಿರಬೇಕಿಲ್ಲ. ನೇರವಾಗಿ, ಆದರೆ ಅವನು ದಣಿದಿಲ್ಲದ ಹೊತ್ತಿನಲ್ಲಿ ಹೇಳಿ. ಕೇಳದಿದ್ದರೆ ಇಬ್ಬರೂ ಗೌರವಿಸುವ ಹಿರಿಯರೊಬ್ಬರು ಸಲ್ಮಾನರ(ರ) ಕೆಲಸ ಮಾಡಲಿ.

ಮುಂದಿನ ವಾರದ ಪಾಳಿ ಪಟ್ಟಿ ಮನೆಗೆ ಬಂದ ದಿನ ಇಬ್ಬರೂ ಕಾಲು ಗಂಟೆ ಅದರ ಮುಂದೆ ಕುಳಿತುಕೊಳ್ಳಿ. ನಿದ್ರೆಯ ಹೊತ್ತಿಗೆ ಒಂದು ಗುರುತು, ಮಕ್ಕಳ ಹೊತ್ತಿಗೆ ಒಂದು, ನಿಮ್ಮಿಬ್ಬರ ಮಾತಿಗೆ ಒಂದು ಗುರುತು ಹಾಕಿರಿ. ಚಿಕ್ಕದಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ. ದಂಪತಿಗಳ ಮಾತುಕತೆಗೂ ಅದು ಅನ್ವಯಿಸುತ್ತದೆ.