ಸಭೆಯ ತಿಳುವಳಿಕೆ ಪತ್ರದಲ್ಲಿ ಸ್ಥಳ ಮತ್ತು ಲಿಂಕ್ ತಿಳಿಸುವ ಕ್ರಮ



ಮುಂಗಾರಿಗೆ ಮುನ್ನ ಬಿತ್ತನೆ ಬೀಜದ ಬೇಡಿಕೆಯನ್ನು ಗೊತ್ತುಪಡಿಸಲು ಬೆಳೆಗಾರರ ಸಂಘಗಳು ಸಭೆ ಸೇರುವುದು ವಾಡಿಕೆ. ತೊಗರಿ ಬೆಳೆಯುವ 40 ಸದಸ್ಯರ ಒಂದು ಸಂಘವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಸಭೆ ಎಲ್ಲಿ ಎಂದು ತಿಳಿಯದೆ 12 ಮಂದಿ ತಪ್ಪಿಸಿಕೊಂಡರೆ, ತಲಾ 2 ಎಕರೆಯಂತೆ 24 ಎಕರೆಯ ಬೇಡಿಕೆ ಪಟ್ಟಿಗೆ ಸೇರುವುದಿಲ್ಲ. ಎಕರೆಗೆ 5 ಕಿಲೋ ಬೀಜವೆಂದರೂ 120 ಕಿಲೋ ಕೊರತೆಯಾಗುತ್ತದೆ. ಇದನ್ನು ತಪ್ಪಿಸಲು ತಿಳುವಳಿಕೆ ಪತ್ರವನ್ನು ಹೇಗೆ ಬರೆಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸಭೆಯ ಬಗೆ

ಸಭೆಗಳಲ್ಲಿ ಮೂರು ಬಗೆ. ಎಲ್ಲರೂ ಒಂದೇ ಕಡೆ ಕೂಡುವುದು ಮುಖಾಮುಖಿ ಸಭೆ. ಎಲ್ಲರೂ ತಮ್ಮ ತಮ್ಮ ಫೋನಿನಿಂದ ಸೇರುವುದು ಆನ್‌ಲೈನ್ ಸಭೆ. ಕೆಲವರು ಕೊಠಡಿಯಲ್ಲಿದ್ದು, ಉಳಿದವರು ಫೋನಿನ ಮೂಲಕ ಸೇರುವುದು ಹೈಬ್ರಿಡ್ ಸಭೆ. ಹೈಬ್ರಿಡ್ ಎಂದರೆ ರೈತರಿಗೆ ಮೊದಲು ನೆನಪಾಗುವುದು ಬೀಜ. ಆದುದರಿಂದ ಆ ಒಂದು ಪದ ಬರೆದು ಬಿಡದೆ, "ಖುದ್ದಾಗಿ ಬರಬಹುದು, ಇಲ್ಲವೆ ಫೋನಿನಿಂದ ಸೇರಬಹುದು" ಎಂದು ಬಿಡಿಸಿ ಬರೆಯಬೇಕು. ಪತ್ರದಲ್ಲಿ ಬರೀ ಲಿಂಕ್ ಇದ್ದರೆ ಓದುಗರು ಸಭೆ ಆನ್‌ಲೈನ್ ಮಾತ್ರ ಎಂದು ತಿಳಿಯುತ್ತಾರೆ. ಬರೀ ಸ್ಥಳವಿದ್ದರೆ, ದೂರದ ಊರಿನಲ್ಲಿರುವ ಸದಸ್ಯರು ತಮಗೆ ಅವಕಾಶವಿಲ್ಲವೆಂದು ಸುಮ್ಮನಾಗುತ್ತಾರೆ. ಆದುದರಿಂದ ಸಭೆಯ ಬಗೆಯನ್ನು ಮೊದಲ ಸಾಲಿನಲ್ಲಿಯೇ ಹೇಳತಕ್ಕದ್ದು.

ಕೊಠಡಿ ಮತ್ತು ಲಿಂಕ್

"ಸಹಕಾರ ಸಂಘದಲ್ಲಿ" ಎಂದರೆ ಸಾಲದು. ಗೋದಾಮು, ಕಚೇರಿ, ಮಹಡಿಯ ಮೇಲಿನ ಕೊಠಡಿ ಬೇರೆ ಬೇರೆ ಇರುತ್ತವೆ. ಕಟ್ಟಡ, ಮಹಡಿ, ಕೊಠಡಿ, ಒಳಗೆ ಹೋಗುವ ಬಾಗಿಲು, ಈ ನಾಲ್ಕನ್ನೂ ಬರೆಯಿರಿ. ಮೆಟ್ಟಿಲು ಹತ್ತಲಾರದ ಹಿರಿಯರಿಗೆ ಮಹಡಿಯ ವಿವರ ಬಹಳ ಮುಖ್ಯ. ಅದನ್ನು ಓದಿ ಅವರು ಮನೆಯಿಂದಲೇ ಫೋನಿನಲ್ಲಿ ಸೇರಲು ತೀರ್ಮಾನಿಸಬಹುದು.

ಲಿಂಕನ್ನು ಪ್ರತ್ಯೇಕ ಸಾಲಿನಲ್ಲಿ ಬರೆದು, ಅದರ ಕೊನೆಗೆ ಚುಕ್ಕಿಯನ್ನಾಗಲಿ ಬೇರೆ ಅಕ್ಷರವನ್ನಾಗಲಿ ಅಂಟಿಸಬಾರದು. ಅಂಟಿದ ಅಕ್ಷರವೂ ಲಿಂಕಿನ ಭಾಗವಾಗಿ ಹೋದರೆ ಅದು ತೆರೆಯುವುದಿಲ್ಲ. ನೋಟಿಸ್ ಬೋರ್ಡಿನ ಕಾಗದದಲ್ಲಿರುವ ಲಿಂಕನ್ನು ಒತ್ತಲು ಬರುವುದಿಲ್ಲವಾದ್ದರಿಂದ ಸಭೆಯ ಕೋಡನ್ನೂ ಬರೆಯಬೇಕು. ಗೂಗಲ್ ಮೀಟ್‌ನಲ್ಲಿ ಈ ಕೋಡ್ 3, 4, 3 ಅಕ್ಷರಗಳ ಗುಂಪುಗಳಾಗಿರುತ್ತದೆ.

ಮಾದರಿ ಪತ್ರ

ಸಭೆಯ ಬಗೆ: ಖುದ್ದಾಗಿ ಬರಬಹುದು, ಇಲ್ಲವೆ ಫೋನಿನಿಂದ ಸೇರಬಹುದು
ವಿಷಯ: ತೊಗರಿ ಬಿತ್ತನೆ ಬೀಜದ ಬೇಡಿಕೆ
ದಿನ: 20-5-2026, ಬುಧವಾರ, ಬೆಳಿಗ್ಗೆ 11ರಿಂದ 12
ಸ್ಥಳ: ಸಹಕಾರ ಸಂಘದ ಕಟ್ಟಡ, ಮೊದಲನೆಯ ಮಹಡಿ, ಸಭಾ ಕೊಠಡಿ, ಗೋದಾಮಿನ ಪಕ್ಕದ ಮೆಟ್ಟಿಲಿನಿಂದ ಬರುವುದು
ಫೋನಿನಿಂದ ಸೇರುವವರಿಗೆ ಲಿಂಕ್:
https://meet.google.com/abc-defg-hij
ಕೋಡ್: abc-defg-hij
ಬೇಡಿಕೆ ಹೇಳುವ ಕ್ರಮ: ಹೆಸರು ಕರೆದಾಗ ಎಕರೆ ಲೆಕ್ಕ ತಿಳಿಸುವುದು, ಫೋನಿನಲ್ಲಿರುವವರನ್ನು ಮೊದಲು ಕರೆಯಲಾಗುವುದು
ಸಂಪರ್ಕ: ಕಾರ್ಯದರ್ಶಿಯ ಫೋನ್ ನಂಬರು

ಇಲ್ಲಿರುವ ಲಿಂಕ್ ಕೇವಲ ಮಾದರಿ. ನಿಮ್ಮ ಸಭೆಯ ಲಿಂಕನ್ನು ಬರೆದುಕೊಳ್ಳಿ. ಫೋನಿನಲ್ಲಿರುವವರನ್ನು ಮೊದಲು ಕರೆಯಲು ಕಾರಣವಿದೆ. ಹಣ ಕೊಡದ ಖಾತೆಯಿಂದ ಕರೆದ ಗೂಗಲ್ ಮೀಟ್ ಸಭೆಯಲ್ಲಿ ಮೂವರು ಅಥವಾ ಹೆಚ್ಚು ಮಂದಿ ಇದ್ದರೆ 60 ನಿಮಿಷಕ್ಕೆ ಸಂಪರ್ಕ ನಿಲ್ಲುತ್ತದೆ. ಕೊಠಡಿಯಲ್ಲಿರುವವರ ಸರದಿ ಆಮೇಲೆ ಬಂದರೂ ನಷ್ಟವಿಲ್ಲ.

ಪರೀಕ್ಷೆ ಮತ್ತು ಬದಲಾವಣೆ

ಪತ್ರವನ್ನು ಹಂಚುವ ಮುನ್ನ, ಲಿಂಕ್ ಮಾಡಿದವರ ಫೋನಿನಲ್ಲಲ್ಲದೆ ಇನ್ನೊಬ್ಬರ ಫೋನಿನಲ್ಲಿ ಅದನ್ನು ಒತ್ತಿ ನೋಡಬೇಕು. ಕೋಡನ್ನು ಕಾಗದ ನೋಡಿ ಒಬ್ಬರಿಂದ ಟೈಪ್ ಮಾಡಿಸಬೇಕು. ಅಕ್ಷರಗಳು ಅದಲುಬದಲಾಗುವುದು ಇಲ್ಲಿಯೇ ತಿಳಿಯುತ್ತದೆ. ಸಭೆಯ ದಿನ ಕೊಠಡಿಯಲ್ಲಿ ಒಂದೇ ಫೋನಿನ ಮೈಕು ಮತ್ತು ಸ್ಪೀಕರನ್ನು ತೆರೆದಿಡಿ. ಎರಡು ಫೋನುಗಳು ತೆರೆದಿದ್ದರೆ ಒಂದರ ಧ್ವನಿ ಇನ್ನೊಂದಕ್ಕೆ ಮರಳಿ ಕೂಗು ಏಳುತ್ತದೆ, ದೂರದವರಿಗೆ ಮಾತು ಕೇಳಿಸುವುದಿಲ್ಲ.

ಕೊಠಡಿ ಅಥವಾ ಲಿಂಕ್ ಬದಲಾದರೆ ಬದಲಾದ ಸಾಲನ್ನಷ್ಟೇ ಕಳಿಸಬೇಡಿ. ಹಳೆಯ ಪತ್ರ ವಾಟ್ಸ್ಯಾಪ್ ಗುಂಪುಗಳಲ್ಲಿ ತಿರುಗುತ್ತಲೇ ಇರುತ್ತದೆ. ಪೂರ್ತಿ ಪತ್ರವನ್ನು ಹೊಸದಾಗಿ ಬರೆದು, ಮೇಲೆ "18-5-2026ರ ತಿದ್ದುಪಡಿ, ಹಿಂದಿನದು ರದ್ದು" ಎಂದು ನಮೂದಿಸಿ. ಬೋರ್ಡಿನ ಹಳೆಯ ಕಾಗದವನ್ನು ತೆಗೆಯಿರಿ. ಹಳೆಯ ಕೊಠಡಿಯ ಬಾಗಿಲಿಗೂ ಹೊಸ ಸ್ಥಳವನ್ನು ಬರೆದು ಅಂಟಿಸಿದರೆ, ತಿದ್ದುಪಡಿ ತಲುಪದ ಸದಸ್ಯರೂ ಬೇಡಿಕೆ ಹೇಳುವ ಹೊತ್ತಿಗೆ ಬಂದು ಸೇರಬಹುದು.