ಮುಂಚಿನ ಮತ್ತು ನಂತರದ ಅಂಕಗಳ ಹೋಲಿಕೆ: ಟಿ-ಪರೀಕ್ಷೆಯೋ, ಶ್ರೇಣಿ ಪರೀಕ್ಷೆಯೋ?

ಹಾನಗಲ್ ತಾಲ್ಲೂಕಿನ ಶಾಲೆಯೊಂದರಲ್ಲಿ ಎಂಟು ಮಕ್ಕಳಿಗೆ ಆರು ವಾರಗಳ ಗಣಿತ ಪರಿಹಾರ ಬೋಧನೆ ನಡೆದಿದೆ ಎಂದು ಉದಾಹರಣೆಗಾಗಿ ಭಾವಿಸಬಹುದು. ಗರಿಷ್ಠ ಅಂಕ 20. ಬೋಧನೆಗೆ ಮುಂಚಿನ ಅಂಕಗಳು ಕ್ರಮವಾಗಿ 6, 7, 5, 9, 8, 4, 10, 3. ಅದೇ ಮಕ್ಕಳ ನಂತರದ ಅಂಕಗಳು 8, 10, 6, 11, 11, 6, 11, 17. ಪ್ರತಿ ಮಗುವಿನ ಹೆಚ್ಚಳ 2, 3, 1, 2, 3, 2, 1, 14. ಮುಂದಿನ ಲೆಕ್ಕವೆಲ್ಲ ಈ ಎಂಟು ವ್ಯತ್ಯಾಸಗಳ ಮೇಲೆಯೇ ನಿಂತಿದೆ.

ವರದಿಯಲ್ಲಿ ಸಾಮಾನ್ಯವಾಗಿ ನಮೂದಾಗುವುದು ಸರಾಸರಿ ಹೆಚ್ಚಳವಾದ 3.5. ಆದರೆ ಏಳು ಮಕ್ಕಳ ಹೆಚ್ಚಳ 3ನ್ನು ದಾಟಿಲ್ಲ. ಜೋಡಿ ಟಿ-ಪರೀಕ್ಷೆಯು ಈ ಸರಾಸರಿಯನ್ನು ವ್ಯತ್ಯಾಸಗಳ ಚದುರುವಿಕೆಯೊಂದಿಗೆ ತೂಗುತ್ತದೆ. ಇಲ್ಲಿ ಮಾನಕ ವಿಚಲನೆ 4.31. ಅದನ್ನು ಎಂಟರ ವರ್ಗಮೂಲದಿಂದ ಭಾಗಿಸಿದರೆ 1.52, 3.5ನ್ನು ಇದರಿಂದ ಭಾಗಿಸಿದರೆ ಟಿ ಮೌಲ್ಯ 2.30. ಎಂಟು ಜೋಡಿಗಳಿಗೆ ಶೇ. 5ರ ಮಟ್ಟದಲ್ಲಿ ಬೇಕಾದುದು 2.365. ಎಕ್ಸೆಲ್‌ನಲ್ಲಿ `=T.TEST(B2:B9,C2:C9,2,1)` ಎಂದು ನಮೂದಿಸಿದರೂ ಉತ್ತರ 0.05ಕ್ಕಿಂತ ತುಸು ಹೆಚ್ಚೇ ಬರುತ್ತದೆ. ಒಬ್ಬ ಮಗುವೂ ಹಿಂದೆ ಬೀಳದಿದ್ದರೂ "ಪರಿಣಾಮ ಸಾಬೀತಾಗಿಲ್ಲ" ಎಂಬ ಫಲಿತಾಂಶ! ಕಾರಣ ಆ 14: ಅದು ಸರಾಸರಿಯನ್ನು ಹೆಚ್ಚಿಸಿತು, ಚದುರುವಿಕೆಯನ್ನು ಅದಕ್ಕಿಂತಲೂ ಹೆಚ್ಚಿಸಿತು.

1945ರಲ್ಲಿ ರಸಾಯನಶಾಸ್ತ್ರಜ್ಞ ಫ್ರಾಂಕ್ ವಿಲ್ಕಾಕ್ಸನ್ ಪ್ರಕಟಿಸಿದ ಶ್ರೇಣಿ ಪರೀಕ್ಷೆಯು ವ್ಯತ್ಯಾಸಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಸ್ಥಾನವನ್ನಷ್ಟೇ ಎಣಿಸುತ್ತದೆ. ಎರಡು 1ಗಳಿಗೆ ತಲಾ 1.5, ಮೂರು 2ಗಳಿಗೆ ತಲಾ 4, ಎರಡು 3ಗಳಿಗೆ ತಲಾ 6.5, 14ಕ್ಕೆ 8. ಆ ಮಗುವಿನ ಹೆಚ್ಚಳ 4 ಆಗಿದ್ದರೂ ಸ್ಥಾನ 8ನೆಯದೇ. ಏರಿಕೆಯ ಶ್ರೇಣಿಗಳ ಮೊತ್ತ 36, ಇಳಿಕೆಯದು 0. ಬೋಧನೆಯಿಂದ ಏನೂ ಆಗಿಲ್ಲವೆಂದಾದರೆ ಪ್ರತಿ ಮಗುವಿನ ಏರಿಳಿತ ನಾಣ್ಯ ಚಿಮ್ಮಿದಂತೆ. ಎಂಟು ಮಕ್ಕಳಿಗೆ 256 ಸಾಧ್ಯತೆಗಳು. ಎಲ್ಲರೂ ಏರುವ ಅಥವಾ ಎಲ್ಲರೂ ಇಳಿಯುವ ಸಾಧ್ಯತೆ ಎರಡೇ. 2/256 ಎಂದರೆ 0.008. ಎಕ್ಸೆಲ್‌ನಲ್ಲಿ ಇದಕ್ಕೆ ಸಿದ್ಧ ಸೂತ್ರವಿಲ್ಲ. ಕಾಗದ, ಪೆನ್ಸಿಲ್ ಸಾಕು.

ಹಾಗೆಂದು ಎರಡನ್ನೂ ಮಾಡಿ ಅನುಕೂಲಕರವಾದುದನ್ನು ವರದಿಯಲ್ಲಿ ಬರೆಯುವಂತಿಲ್ಲ. ಯಾವ ಪರೀಕ್ಷೆ ಎಂಬುದನ್ನು ಅಂಕ ನೋಡುವ ಮೊದಲೇ ಬರೆದಿಡತಕ್ಕದ್ದು. ಸಣ್ಣ ಗುಂಪಿನಲ್ಲಿ ಒಂದಿಬ್ಬರು ಮಕ್ಕಳು ಬಹಳ ಮುಂದೆ ಹೋಗುವ ಸಂಭವವಿದ್ದರೆ ಶ್ರೇಣಿ ಪರೀಕ್ಷೆಯೇ ಸೂಕ್ತ. ವ್ಯತ್ಯಾಸಗಳು ಸರಾಸರಿಯ ಸುತ್ತ ಎರಡೂ ಬದಿಗೆ ಸಮನಾಗಿ ಹರಡುವ ನಿರೀಕ್ಷೆಯಿದ್ದರೆ ಟಿ-ಪರೀಕ್ಷೆ ಹೆಚ್ಚು ಸೂಕ್ಷ್ಮ. 14ನ್ನು ಅಳಿಸಿಹಾಕುವುದೂ ಸರಿಯಲ್ಲ. ಮೊದಲು ಆ ಮಗುವಿನ ಉತ್ತರ ಪತ್ರಿಕೆ ತೆಗೆದು ನೋಡಬೇಕು. ಮುಂಚಿನ ಅಂಕ 13 ಎಂಬುದು 3 ಎಂದು ನಮೂದಾಗಿರಬಹುದು, ಮಗು ಅಂದು ಜ್ವರದಲ್ಲಿದ್ದಿರಬಹುದು. ವರದಿಯಲ್ಲಿ ಸರಾಸರಿಯ ಜೊತೆಗೆ ಮಧ್ಯಾಂಕವಾದ 2ನ್ನೂ ನಮೂದಿಸುವುದು ಅವಶ್ಯ.

ಮಕ್ಕಳು ಐವರೇ ಇದ್ದಲ್ಲಿ ಶ್ರೇಣಿ ಪರೀಕ್ಷೆ ನೆರವಿಗೆ ಬಾರದು: ಐವರೂ ಏರಿದರೂ 2/32, ಅಂದರೆ 0.0625. ಕನಿಷ್ಠ ಆರು ಬೇಕು. ವ್ಯತ್ಯಾಸ ಸೊನ್ನೆಯಾದ ಮಕ್ಕಳನ್ನು ಈ ಲೆಕ್ಕದಿಂದ ಕೈಬಿಡಲಾಗುವುದರಿಂದ, ಎಂಟರಲ್ಲಿ ಮೂವರ ಅಂಕ ಬದಲಾಗದಿದ್ದರೆ ಉಳಿಯುವುದು ಐವರೇ.