ಪಾಶ್ಚರೀಕರಣ ಮತ್ತು ಸಿ.ಐ.ಪಿ. ಸೂಚನೆಗಳನ್ನು ಕನ್ನಡದಲ್ಲಿ ಬರೆಯುವ ಬಗೆ



ಡೇರಿಗೆ ಹೊಸ ಯಂತ್ರ ಬಂದರೆ ಅದರ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಯಂತ್ರ ನಡೆಸುವ ಕೆಲಸಗಾರರು ಓದುವುದು ಗೋಡೆಯ ಮೇಲಿನ ಕನ್ನಡ ಫಲಕವನ್ನು. ನಮ್ಮ ಸಂಘಗಳಿಂದ ಬಂದ ಹಾಲೆಲ್ಲ ಒಂದೇ ಯಂತ್ರದ ಮೂಲಕ ಹಾದು ಹೋಗುವುದರಿಂದ, ಫಲಕದ ಒಂದು ಪದ ತಪ್ಪಿದರೆ ಇಡೀ ಟ್ಯಾಂಕಿನ ಹಾಲು ಕೆಡಬಹುದು ಅಥವಾ ಅರೆಬರೆ ಕಾದ ಹಾಲು ಗ್ರಾಹಕರ ಮನೆ ಸೇರಬಹುದು. ಕ್ಷಯ ಮತ್ತು ಕಂದುರೋಗದ ರೋಗಾಣುಗಳು ರಾಸುವಿನಿಂದ ಹಸಿ ಹಾಲಿಗೆ ಬರಬಲ್ಲವು ಎಂಬುದು ತಮಗೆ ತಿಳಿದೇ ಇದೆ. ಆದ್ದರಿಂದ ಸೂಚನೆಗಳನ್ನು ಕನ್ನಡಕ್ಕೆ ತರುವಾಗ ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಕೊಡಲಾಗಿದೆ.

1. "72 ಡಿಗ್ರಿ, 15 ಸೆಕೆಂಡು" ಎಂದರೇನು?

ಹಾಲಿನ ಪ್ರತಿಯೊಂದು ಕಣವೂ ಕನಿಷ್ಠ 72 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಏರಿ, ಆ ಶಾಖದಲ್ಲಿ ಕನಿಷ್ಠ 15 ಸೆಕೆಂಡು ಎಡೆಬಿಡದೆ ಇರಬೇಕು ಎಂಬುದು ನಮ್ಮ ದೇಶದ ನಿಯಮ.

ಇದನ್ನು "ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ" ಎಂದು ಬರೆದರೆ ಅರ್ಥ ಕೆಡುತ್ತದೆ. ಕಾಯಿಸುವುದು ಎಂದರೆ ಶಾಖ ಏರಿಸುವುದು. ಏರಿಸಲು ಹಿಡಿದ ಸಮಯವೂ ಈ 15 ಸೆಕೆಂಡಿನೊಳಗೆ ಸೇರಿದೆ ಎಂದು ಓದುವವರು ತಿಳಿಯುತ್ತಾರೆ. "ಹಿಡಿದು ನಿಲ್ಲಿಸಿ" ಎಂದು ಬರೆದರೆ ಹರಿಯುವ ಹಾಲನ್ನು ತಡೆಯಬೇಕೇನೋ ಎನಿಸುತ್ತದೆ. "ಕನಿಷ್ಠ" ಎಂಬ ಪದ ಬಿಟ್ಟುಹೋದರೆ 70 ಡಿಗ್ರಿಯೂ ನಡೆದೀತು ಎಂಬ ಭಾವನೆ ಬರುತ್ತದೆ. ಹಾಗಾಗಿ "72 ಡಿಗ್ರಿ ಮುಟ್ಟಿದ ಮೇಲೆ, ಅದಕ್ಕಿಂತ ಇಳಿಯದಂತೆ, ಕನಿಷ್ಠ 15 ಸೆಕೆಂಡು ಇರಬೇಕು" ಎಂದು ಬರೆಯುವುದು ಸರಿ. ಎಣಿಕೆ ಎಲ್ಲಿಂದ ಶುರು ಎಂಬುದು ಇದರಲ್ಲಿ ಸ್ಪಷ್ಟವಾಗಿದೆ.

2. ಸೆಕೆಂಡು ಎಣಿಸುವವರು ಯಾರು?

ಭಾಷೆ ಸರಿಯಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಹರಿಯುವ ಹಾಲಿನ 15 ಸೆಕೆಂಡನ್ನು ಯಾವ ಕೆಲಸಗಾರನೂ ಗಡಿಯಾರ ನೋಡಿ ಅಳೆಯುವುದಿಲ್ಲ. ಬಿಸಿಯಾದ ಹಾಲು ಹೋಲ್ಡಿಂಗ್ ಟ್ಯೂಬ್ ಎಂಬ ಉದ್ದನೆಯ ಕೊಳವೆಯಲ್ಲಿ ಹರಿಯುತ್ತದೆ. ಅದರ ಈ ತುದಿಯಿಂದ ಆ ತುದಿಗೆ ಹೋಗಲು ಹಿಡಿಯುವ ಸಮಯವೇ ಆ 15 ಸೆಕೆಂಡು. ಅಂದರೆ ಸಮಯವನ್ನು ನಿರ್ಧರಿಸುವುದು ಕೊಳವೆಯ ಅಳತೆ ಮತ್ತು ಪಂಪಿನ ವೇಗ.

ಒಂದು ಉದಾಹರಣೆ ನೋಡೋಣ. ಕೊಳವೆಯಲ್ಲಿ 25 ಲೀಟರ್ ಹಾಲು ಹಿಡಿಯುತ್ತದೆ, ಪಂಪು ಗಂಟೆಗೆ 5,000 ಲೀಟರ್ ತಳ್ಳುತ್ತದೆ ಎಂದಿಟ್ಟುಕೊಳ್ಳಿ. ಆಗ ಹಾಲು ಕೊಳವೆಯಲ್ಲಿ ಸರಾಸರಿ 18 ಸೆಕೆಂಡು ಇರುತ್ತದೆ. ಕಾಲುವೆಯ ನೀರಿನಂತೆ ಕೊಳವೆಯ ನಡುವಿನ ಹಾಲು ಅಂಚಿನ ಹಾಲಿಗಿಂತ ಬೇಗ ಹರಿಯುತ್ತದೆ. ಅದರ ವೇಗ ಸರಾಸರಿಯ 1.2 ಪಟ್ಟು ಎಂದು ಹಿಡಿದರೆ, ನಡುವಿನ ಹಾಲಿಗೆ ಸಿಗುವುದು ಸರಿಯಾಗಿ 15 ಸೆಕೆಂಡು.

ಸುಗ್ಗಿಯ ದಿನಗಳಲ್ಲಿ ಹಾಲು ಹೆಚ್ಚು ಬಂದು, ಟ್ಯಾಂಕರುಗಳು ಕಾದು ನಿಂತಿವೆ ಎಂದು ಪಂಪನ್ನು 6,000 ಲೀಟರಿಗೆ ಏರಿಸಿದರೆ ಏನಾಗುತ್ತದೆ? ಸರಾಸರಿ 15 ಸೆಕೆಂಡಿಗೆ ಇಳಿಯುತ್ತದೆ, ನಡುವಿನ ಹಾಲಿಗೆ 12.5 ಸೆಕೆಂಡು ಮಾತ್ರ ಸಿಗುತ್ತದೆ. ಆಗಲೂ ಶಾಖಮಾಪಕ 72 ಡಿಗ್ರಿಯನ್ನೇ ತೋರಿಸುತ್ತಿರಬಹುದು. ತಪ್ಪು ಕಣ್ಣಿಗೆ ಕಾಣುವುದಿಲ್ಲ.

ಆದಕಾರಣ ಫಲಕದಲ್ಲಿ ಸೆಕೆಂಡಿನ ಜೊತೆಗೆ ಕೈಯಿಂದ ಮಾಡುವ, ಮಾಡಬಾರದ ಕೆಲಸಗಳನ್ನೂ ಬರೆಯಬೇಕು:

"ಪಂಪಿನ ವೇಗವನ್ನು ಗುರುತಿಗಿಂತ ಏರಿಸಬೇಡಿ. ಹೋಲ್ಡಿಂಗ್ ಟ್ಯೂಬನ್ನು ಕತ್ತರಿಸಬೇಡಿ, ಬದಲಿಸಬೇಡಿ. ಟ್ಯೂಬಿನ ಕೊನೆಯಲ್ಲಿರುವ ಶಾಖಮಾಪಕ ನೋಡಿ. ಅದು 72ಕ್ಕಿಂತ ಇಳಿದಾಗ ವಾಲ್ವ್ ತಾನಾಗಿ ಹಾಲನ್ನು ಹಿಂದಕ್ಕೆ ತಿರುಗಿಸುತ್ತದೆ. ಆ ವಾಲ್ವನ್ನು ಕಟ್ಟಬೇಡಿ, ಕೈಯಿಂದ ತಳ್ಳಿ ಹಿಡಿಯಬೇಡಿ."

ಪ್ರಯೋಗಾಲಯದ ಫಾಸ್ಫಟೇಸ್ ಪರೀಕ್ಷೆಯಿಂದ ಹಾಲು ಸಾಲದಷ್ಟು ಕಾದಿದೆ ಎಂಬುದು ಗೊತ್ತಾಗುತ್ತದೆ. ಆದರೆ ಫಲಿತಾಂಶ ಬರುವ ಹೊತ್ತಿಗೆ ಆ ಹಾಲು ಟ್ಯಾಂಕಿನ ಉಳಿದ ಹಾಲಿನೊಡನೆ ಬೆರೆತಿರುತ್ತದೆ. ಕಾದ ನಂತರ ಕೊಳಕು ಕೊಳವೆಯಿಂದ ಸೇರಿದ ರೋಗಾಣುಗಳನ್ನು ಈ ಪರೀಕ್ಷೆ ತೋರಿಸುವುದೂ ಇಲ್ಲ. ಅದಕ್ಕೆ ಕೊಳವೆಗಳ ಶುಚಿತ್ವವೇ ಮದ್ದು.

3. ಸಿ.ಐ.ಪಿ. ಸೂಚನೆಗಳು

ಯಂತ್ರವನ್ನು ಬಿಚ್ಚದೆ, ಇದ್ದಲ್ಲಿಯೇ ನೀರು ಮತ್ತು ದ್ರಾವಣಗಳನ್ನು ಹರಿಸಿ ಶುಚಿಗೊಳಿಸುವ ವಿಧಾನವೇ ಸಿ.ಐ.ಪಿ. ಇಂಗ್ಲಿಷಿನಲ್ಲಿ ಇದರ ಹಂತಗಳಿಗೆ ಬೇರೆ ಬೇರೆ ಪದಗಳಿವೆ. ಕನ್ನಡ ಫಲಕದಲ್ಲಿ ಎಲ್ಲಕ್ಕೂ "ತೊಳೆಯಿರಿ" ಎಂದೇ ಬರೆದರೆ ಒಂದು ಹಂತ ಬಿಟ್ಟರೂ ತಿಳಿಯದು. ಬರೀ ನೀರಿಗೆ "ಗಲಬರಿಸಿ", ದ್ರಾವಣಕ್ಕೆ "ಸುತ್ತು ಹರಿಸಿ" ಎಂದು ಬೇರೆ ಬೇರೆ ಪದ ಬಳಸಿರಿ. "ಸೋಡಾ ಹಾಕಿ" ಎಂದು ಬರೆಯಬಾರದು. ವಾಷಿಂಗ್ ಸೋಡಾ ಬೇರೆ, ಕಾಸ್ಟಿಕ್ ಸೋಡಾ ಬೇರೆ. ಪೂರ್ತಿ ಹೆಸರನ್ನೇ ಬರೆಯಬೇಕು.

"ಶೇಕಡಾ 1.5 ಕಾಸ್ಟಿಕ್, 75 ಡಿಗ್ರಿ, 20 ನಿಮಿಷ" ಎಂಬ ಸೂಚನೆಯನ್ನು ತೆಗೆದುಕೊಳ್ಳೋಣ. ಶೇಕಡಾ ಲೆಕ್ಕವನ್ನು ಫಲಕದಲ್ಲಿಯೇ ಕಿಲೋಗ್ರಾಂ ಮಾಡಿ ಕೊಡಬೇಕು. 500 ಲೀಟರ್ ನೀರಿಗೆ 7.5 ಕಿಲೋಗ್ರಾಂ. ಮೊದಲು ಗಲಬರಿಸಿದ ನೀರು ಕೊಳವೆಗಳಲ್ಲಿ 100 ಲೀಟರಿನಷ್ಟು ನಿಂತಿದ್ದರೆ, ಅದು ದ್ರಾವಣಕ್ಕೆ ಬೆರೆತು ಪ್ರಮಾಣ ಶೇಕಡಾ 1.25ಕ್ಕೆ ಇಳಿಯುತ್ತದೆ. ಆದುದರಿಂದ "ನೀರನ್ನು ಪೂರ್ತಿ ಬಸಿದ ಮೇಲೆ" ಎಂಬ ಮಾತು ಸೇರಬೇಕು. ಕಾಸ್ಟಿಕನ್ನು ತಣ್ಣೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು, ಕಾಸ್ಟಿಕಿನ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಸಿಡಿಯುತ್ತದೆ. ಕೈಗವಸು, ಕನ್ನಡಕ ಕಡ್ಡಾಯ.

ಇಲ್ಲಿಯೂ ಎಣಿಕೆ ಎಲ್ಲಿಂದ ಎಂಬುದೇ ಮುಖ್ಯ. ಪಂಪು ಹಾಕಿದಾಗಿನಿಂದ 20 ನಿಮಿಷ ಎಣಿಸಿದರೆ, ದ್ರಾವಣ ಬಿಸಿಯಾಗಲು 10 ನಿಮಿಷ ಹಿಡಿದಿದ್ದ ಪಕ್ಷದಲ್ಲಿ ನಿಜವಾದ ಶುಚಿ ಕೆಲಸ ನಡೆದದ್ದು 10 ನಿಮಿಷ ಮಾತ್ರ. "ವಾಪಸು ಬರುವ ಕೊಳವೆಯ ಶಾಖಮಾಪಕ 75 ಮುಟ್ಟಿದ ಮೇಲೆ 20 ನಿಮಿಷ ಎಣಿಸಿ" ಎಂದು ಬರೆಯಬೇಕು.

ಕಾಸ್ಟಿಕ್ ಜಿಡ್ಡು ಮತ್ತು ಪ್ರೋಟೀನನ್ನು ಬಿಡಿಸುತ್ತದೆ. ಬಿಸಿ ಪ್ಲೇಟುಗಳ ಮೇಲೆ ಕೂರುವ ಹಾಲಿನ ಕಲ್ಲನ್ನು ಬಿಡಿಸಲು ಆಸಿಡ್ ಬೇಕು. ಇವೆರಡರ ನಡುವೆ ನೀರಿನಿಂದ ಗಲಬರಿಸುವುದನ್ನು ಎಂದೂ ಬಿಡಬಾರದು. ಎರಡೂ ಸೇರಿದರೆ ವಿಪರೀತ ಬಿಸಿಯೇಳುತ್ತದೆ, ದ್ರಾವಣದ ಶಕ್ತಿಯೂ ಹಾಳಾಗುತ್ತದೆ. "ಚೆನ್ನಾಗಿ ಗಲಬರಿಸಿ" ಎಂದರೆ ಎಷ್ಟು? ಕಾಸ್ಟಿಕಿನ ನಂತರ ಹೊರಬರುವ ನೀರಿಗೆ ಒಂದೆರಡು ಹನಿ ಫಿನಾಲ್ಫ್ತಲೀನ್ ಹಾಕಿ "ಗುಲಾಬಿ ಬಣ್ಣ ಬಾರದವರೆಗೆ" ಎಂದು ಬರೆದರೆ ಸಂದೇಹಕ್ಕೆ ಎಡೆಯಿಲ್ಲ.

4. ಫಲಕ ಹಾಕುವ ಮುನ್ನ

ಬರೆದ ಕನ್ನಡವನ್ನು ಇಂಗ್ಲಿಷ್ ಮೂಲ ಓದಿರದ ಒಬ್ಬ ಕೆಲಸಗಾರರಿಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. ನಂತರ ಯಂತ್ರದ ಬಳಿ ನಿಲ್ಲಿಸಿ, "ಈಗ ಯಾವುದನ್ನು ನೋಡುತ್ತೀರಿ? ಯಾವಾಗಿನಿಂದ ಎಣಿಸುತ್ತೀರಿ? ಎಷ್ಟಾದರೆ ನಿಲ್ಲಿಸುತ್ತೀರಿ?" ಎಂದು ಕೇಳಿರಿ. ಅವರು ಬೇರೆ ಶಾಖಮಾಪಕದ ಕಡೆ ಕೈ ತೋರಿಸಿದರೆ ತಿದ್ದಬೇಕಾದದ್ದು ಫಲಕವನ್ನು. ರಾತ್ರಿ ಪಾಳಿಯವರ ಬಳಿಯೂ ಇದೇ ಪರೀಕ್ಷೆ ನಡೆಯಲಿ. ಪಂಪು ಅಥವಾ ಕೊಳವೆ ಬದಲಾದ ದಿನ ಹಳೆಯ ಅಂಕಿಗಳು ಹೊಂದುವುದಿಲ್ಲವಾದ್ದರಿಂದ, ಅಂದೇ ಫಲಕವನ್ನೂ ಹೊಸದಾಗಿ ಬರೆಸತಕ್ಕದ್ದು.